ಗಾಜಿನ ಕ್ಯುವೆಟ್ ಬೆಳಕಿಗೆ ಗೋಡೆಯಾದ ದಿನ

ದ್ರವವೊಂದು ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯಂತ್ರ ಸ್ಪೆಕ್ಟ್ರೋಫೋಟೋಮೀಟರ್. ನಮ್ಮ ಲ್ಯಾಬಿನಲ್ಲಿ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು. ಯಂತ್ರದ ರೀಡಿಂಗ್ ಸರಿ ಬರದಿದ್ದರೆ ಎಲ್ಲರೂ ಮೊದಲು ನನ್ನ ಮೇಜಿನ ಹತ್ತಿರ ಬರುತ್ತಾರೆ. ಹಾಗೆ ಒಂದು ದಿನ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದು ನಿಂತಳು. ಎರಡು ದಿನ ಕೂತು ಡಿಎನ್‌ಎ ತೆಗೆದಿದ್ದಳು. ಅದು ಎಷ್ಟಿದೆ ಎಂದು ತಿಳಿಯಲು, ಅದು ಚೆನ್ನಾಗಿ ಹೀರುವ 260 ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕಿನಲ್ಲಿ ಅಳೆದರೆ ಒಂದು ಮಾದರಿಗೆ 0.04, ಇನ್ನೊಂದಕ್ಕೆ 0.01, ಮೂರನೆಯದಕ್ಕೆ ಮೈನಸ್ 0.02 ಬಂದಿತ್ತು. ಡಿಎನ್‌ಎ ಸಿಕ್ಕೇ ಇಲ್ಲ ಎಂದುಕೊಂಡು ಮತ್ತೆ ಮೊದಲಿನಿಂದ ತೆಗೆದಿದ್ದಳು. ಎರಡನೆಯ ಸಲವೂ ಅದೇ ಕಥೆ.

ಆದರೆ ಅದೇ ಮಾದರಿಯನ್ನು ಜೆಲ್ ಮೇಲೆ ಓಡಿಸಿದಾಗ ಪಟ್ಟಿ ಚೆನ್ನಾಗಿ ಹೊಳೆದಿತ್ತು. ಡಿಎನ್‌ಎ ಇದೆ, ಯಂತ್ರಕ್ಕೆ ಕಾಣುತ್ತಿಲ್ಲ. ನನಗೆ ಮೊದಲು ಅನುಮಾನ ಬಂದದ್ದು ಡ್ಯುಟೀರಿಯಂ ದೀಪದ ಮೇಲೆ. ಅತಿನೇರಳೆ ಬೆಳಕು ಕೊಡುವ ದೀಪ ಅದು, ಹಳತಾದರೆ ಸೊರಗುತ್ತದೆ. ಒಳಗೆ ಏನೂ ಇಡದೆ ಓಡಿಸಿ ನೋಡಿದೆ. 260ರಲ್ಲಿ ಬೆಳಕು ಬೇಕಾದಷ್ಟಿತ್ತು, ದೀಪದ ತಪ್ಪಿರಲಿಲ್ಲ. ಆಮೇಲೆ ಅವಳು ಮಾದರಿ ತುಂಬಲು ಬಳಸಿದ ಪುಟ್ಟ ಪೆಟ್ಟಿಗೆ, ಅಂದರೆ ಕ್ಯುವೆಟ್, ತೆಗೆದುಕೊಂಡು, ನೀರು ತುಂಬಿ, ಗಾಳಿಯನ್ನೇ ಬ್ಲ್ಯಾಂಕ್, ಅಂದರೆ ಸೊನ್ನೆಯ ಅಳತೆ, ಮಾಡಿಕೊಂಡು 800ರಿಂದ 200ರವರೆಗೆ ಸ್ಕ್ಯಾನ್ ಹಾಕಿದೆ.

ಗೆರೆ 800ರಿಂದ ಸುಮಾರು 350ರವರೆಗೆ ನೆಲಕ್ಕೆ ಅಂಟಿಕೊಂಡಂತೆ ಸಪಾಟಾಗಿ ಬಂತು, ಹೆಚ್ಚೆಂದರೆ 0.04. ಅಲ್ಲಿಂದ ಮೇಲಕ್ಕೆ ಬಾಗಿತು. 300 ದಾಟುವಷ್ಟರಲ್ಲಿ ಕಡಿದಾಗಿ ಏರಿ, 3ರ ಆಚೆಗೆ ಹೋಗಿ ನಡುಗತೊಡಗಿತು. ಈ ರೀಡಿಂಗ್, ಅಂದರೆ ಅಬ್ಸಾರ್ಬೆನ್ಸ್, 3 ಎಂದರೆ ಸಾವಿರ ಪಾಲು ಬೆಳಕಿನಲ್ಲಿ ಒಂದೇ ಪಾಲು ಆಚೆ ಹೋಗುತ್ತಿದೆ ಎಂದರ್ಥ. ಕೈಯಲ್ಲಿ ಹಿಡಿದರೆ ತಿಳಿನೀರಿನಷ್ಟು ಸ್ವಚ್ಛವಾಗಿ ಕಾಣುವ ಆ ಪುಟ್ಟ ಪೆಟ್ಟಿಗೆ 260ರ ಬೆಳಕಿಗೆ ಇಟ್ಟಿಗೆ ಗೋಡೆ. ಮೇಲಂಚಿನಲ್ಲಿ ಕೆತ್ತಿದ್ದ ಅಕ್ಷರ ಸವೆದುಹೋಗಿತ್ತು. ಅದು ಗಾಜಿನ ಕ್ಯುವೆಟ್, ಅವಳಿಗೆ ಬೇಕಾಗಿದ್ದದ್ದು ಕ್ವಾರ್ಟ್ಜ್ ಕ್ಯುವೆಟ್.

ಯಂತ್ರ ಎಚ್ಚರಿಕೆ ಯಾಕೆ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಅವಳು ಬ್ಲ್ಯಾಂಕ್ ತೆಗೆದದ್ದೂ ಅದೇ ಗಾಜಿನಲ್ಲಿ. ಡಿಟೆಕ್ಟರ್‌ಗೆ 260ರ ಬೆಳಕು ಹೆಚ್ಚುಕಡಿಮೆ ತಲುಪುತ್ತಲೇ ಇರಲಿಲ್ಲ. ತಲುಪುತ್ತಿದ್ದದ್ದು ಯಂತ್ರದೊಳಗೆ ಅಡ್ಡಾದಿಡ್ಡಿ ಸೋರಿ ಬರುವ ಬೇರೆ ಅಲೆಯುದ್ದದ ಚೂರುಪಾರು ಬೆಳಕು. ಅದನ್ನೇ ಯಂತ್ರ ಸೊನ್ನೆ ಎಂದು ಒಪ್ಪಿಕೊಂಡಿತು. ಆ ಸೋರಿದ ಬೆಳಕನ್ನು ಡಿಎನ್‌ಎ ಹೀರುವುದಿಲ್ಲ, ಹಾಗಾಗಿ ಮಾದರಿ ಇಟ್ಟರೂ ಸೊನ್ನೆಯ ಆಸುಪಾಸೇ. ಇದನ್ನು ಪತ್ತೆ ಮಾಡಲು ಸುಲಭದ ದಾರಿಯೊಂದಿದೆ: ಮಾದರಿಗೆ ಅಷ್ಟೇ ನೀರು ಬೆರೆಸಿ ಅರ್ಧಕ್ಕೆ ಇಳಿಸಿದಾಗ ರೀಡಿಂಗೂ ಅರ್ಧಕ್ಕೆ ಇಳಿಯಬೇಕು. ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿ ಹಾಕಿದಾಗ 0.48 ಬಂತು, ಅರ್ಧಕ್ಕೆ ಇಳಿಸಿದಾಗ 0.24. ಎರಡೆಳೆಯ ಡಿಎನ್‌ಎ ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಇದ್ದರೆ ರೀಡಿಂಗ್ 1 ಎಂಬ ಲೆಕ್ಕದಲ್ಲಿ ಅವಳ ಮಾದರಿಯಲ್ಲಿ 24 ಮೈಕ್ರೋಗ್ರಾಂ ಇತ್ತು. ಎರಡು ಸಲದ ಶ್ರಮವೂ ಸರಿಯಾಗಿಯೇ ಇತ್ತು.

"ಆದರೆ ಮೇಡಂ, ಗಾಜು ಪಾರದರ್ಶಕ ಅಲ್ವಾ?" ಎಂದಳು. ಆ ಪ್ರಶ್ನೆಗೆ ಅವತ್ತು ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗಾಜಿನ ಅಣುಗಳ ಮಧ್ಯೆ ಸಂದು ಜಾಸ್ತಿ, ಅದರೊಳಗೆ ಬೆಳಕು ನುಸುಳಿ ಹೋಗುತ್ತದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ಅದು ನಿಜವಲ್ಲ. ಬೆಳಕು ಗಾಜಿನೊಳಗೆ ಹೋಗುವಾಗ ಅಲ್ಲಿನ ಎಲೆಕ್ಟ್ರಾನ್‌ಗಳನ್ನೆಲ್ಲ ಅಲುಗಾಡಿಸುತ್ತಲೇ ಹೋಗುತ್ತದೆ. ಅದಕ್ಕೇ ಅದರ ವೇಗ ನಿರ್ವಾತದಲ್ಲಿದ್ದುದರ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಮುಖ್ಯ ಪ್ರಶ್ನೆ, ಆ ಎಲೆಕ್ಟ್ರಾನ್‌ಗಳು ಬೆಳಕನ್ನು ನುಂಗಿಬಿಡಬಲ್ಲವೇ ಎನ್ನುವುದು.

ನುಂಗಬೇಕಾದರೆ ಎಲೆಕ್ಟ್ರಾನ್ ತಾನಿರುವ ಮಟ್ಟದಿಂದ ಮೇಲಿನ ಖಾಲಿ ಮಟ್ಟಕ್ಕೆ ಹಾರಬೇಕು. ಘನವಸ್ತುಗಳಲ್ಲಿ ಈ ಎರಡರ ನಡುವೆ ಎಲೆಕ್ಟ್ರಾನ್ ನಿಲ್ಲಲಾಗದ ಒಂದು ಅಂತರ ಇರುತ್ತದೆ, ಬ್ಯಾಂಡ್ ಗ್ಯಾಪ್ ಎನ್ನುತ್ತಾರೆ. ಒಂದು ಫೋಟಾನ್ ತಂದ ಶಕ್ತಿ ಆ ಅಂತರಕ್ಕೆ ಸಾಲದಿದ್ದರೆ ಎಲೆಕ್ಟ್ರಾನ್ ಅದನ್ನು ತೆಗೆದುಕೊಳ್ಳುವ ಹಾಗೇ ಇಲ್ಲ. ಅರ್ಧ ಹಾರಿ ನಡುವೆ ನಿಲ್ಲಲು ಅಲ್ಲಿ ಮೆಟ್ಟಿಲಿಲ್ಲ. ಆಗ ಬೆಳಕು ಮುಂದೆ ಸಾಗುತ್ತದೆ.

ಲೆಕ್ಕ ಹಾಕುವುದು ಕಷ್ಟವಲ್ಲ. 1240 ಅನ್ನು ನ್ಯಾನೋಮೀಟರಿನಲ್ಲಿರುವ ಅಲೆಯುದ್ದದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಸಿಗುತ್ತದೆ. ಕೆಂಪು ಬೆಳಕಿನ 700ಕ್ಕೆ ಸುಮಾರು 1.8, ನೇರಳೆಯ 400ಕ್ಕೆ 3.1. ನಮ್ಮ ಕಣ್ಣಿಗೆ ಕಾಣುವುದೆಲ್ಲ ಇಷ್ಟರೊಳಗೆ. ಗಾಜಿನ ಮುಖ್ಯ ವಸ್ತುವಾದ ಸಿಲಿಕಾ ಶುದ್ಧವಾಗಿದ್ದರೆ ಅದರ ಅಂತರ ಸುಮಾರು 9. ನೇರಳೆ ಬೆಳಕು ಕೂಡ ಅದರ ಮೂರನೇ ಒಂದರಷ್ಟೇ. ಸಿಲಿಕಾ ಪಾರದರ್ಶಕವಾಗಿರಲು ಇದು ಮೊದಲ ಕಾರಣ.

260ರ ಫೋಟಾನಿಗೆ 4.8 ಬರುತ್ತದೆ. 9ಕ್ಕಿಂತ ಅದೂ ಎಷ್ಟೋ ಕಡಿಮೆ, ಹಾಗಾದರೆ ಗಾಜು ಅದನ್ನು ತಡೆಯಬಾರದಿತ್ತು. ಅವಳಿಗೂ ಇದೇ ಅನುಮಾನ ಬಂತು. ಕ್ವಾರ್ಟ್ಜ್ ಕ್ಯುವೆಟ್ ಎಂದು ನಾವು ಕರೆಯುವುದು ಸಾಮಾನ್ಯವಾಗಿ ಕರಗಿಸಿದ ಶುದ್ಧ ಸಿಲಿಕಾ, ಅಂದರೆ ಅದೂ ಒಂದು ಗಾಜೇ. 190ರವರೆಗೂ ಬೆಳಕು ಬಿಡುತ್ತದೆ. ಮಾಮೂಲಿ ಗಾಜಿನಲ್ಲಿ ಸಿಲಿಕಾ ಬೇಗ ಕರಗಲಿ ಎಂದು ಬೇರೆ ಆಕ್ಸೈಡ್‌ಗಳನ್ನು ಸೇರಿಸಿರುತ್ತಾರೆ. ಅವು ಸೇರಿದಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಬಲೆ ಅಲ್ಲಲ್ಲಿ ತುಂಡಾಗಿ, ಕೆಲವು ಆಮ್ಲಜನಕಗಳ ಎಲೆಕ್ಟ್ರಾನ್‌ಗಳು ಸಡಿಲವಾಗುತ್ತವೆ. ಅವಕ್ಕೆ ಹಾರಲು ಕಡಿಮೆ ಶಕ್ತಿ ಸಾಕು. ಅದರ ಮೇಲೆ ಮರಳಿನ ಜೊತೆ ಬಂದ ಚೂರು ಕಬ್ಬಿಣ. ಅದು ಅತಿನೇರಳೆಯನ್ನು ಎಷ್ಟು ಬಲವಾಗಿ ಹೀರುತ್ತದೆಂದರೆ ಅತಿ ಸಣ್ಣ ಪ್ರಮಾಣವೂ ಗೆರೆಯನ್ನು ಬಾಗಿಸುತ್ತದೆ. ಕಿಟಕಿ ಗಾಜಿನ ಅಂಚು ಹಸಿರಾಗಿ ಕಾಣುವುದೂ ಈ ಕಬ್ಬಿಣದಿಂದಲೇ. ಅಂಚಿನಿಂದ ನೋಡುವಾಗ ಬೆಳಕು ಉದ್ದ ದಾರಿ ನಡೆದು ಬಂದಿರುತ್ತದೆ, ಅದಕ್ಕೆ ಬಣ್ಣ ಎದ್ದು ಕಾಣುತ್ತದೆ.

ಇದೇ ಅಳತೆಗೋಲು ಇಟ್ಟುಕೊಂಡು ಬೇರೆ ಘನವಸ್ತುಗಳನ್ನು ನೋಡಿ. ಲೋಹಗಳಲ್ಲಿ ಆ ಅಂತರವೇ ಇಲ್ಲ, ಎಲೆಕ್ಟ್ರಾನ್‌ಗಳು ಯಾವ ಬೆಳಕಿಗೂ ಓಗೊಡುತ್ತವೆ, ಬಹುಪಾಲನ್ನು ಮೇಲ್ಮೈಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಸಿಲಿಕಾನ್‌ನ ಅಂತರ 1.1 ಮಾತ್ರ. ಕಾಣುವ ಬೆಳಕೆಲ್ಲ ಅದನ್ನು ಮೀರಿದ್ದು, ಹಾಗಾಗಿ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ ನಮಗೆ ಬೂದು ಬಣ್ಣದ ಕನ್ನಡಿಯಂತೆ ಕಾಣುತ್ತದೆ. ಆದರೆ 1100 ನ್ಯಾನೋಮೀಟರ್ ದಾಟಿದ ಅವಕೆಂಪು ಬೆಳಕಿಗೆ ಅದೇ ಬಿಲ್ಲೆ ತೆರೆದ ಬಾಗಿಲು. ಗಾಜು ಅವಕೆಂಪಿನಲ್ಲಿ ಇನ್ನೂ ಮುಂದೆ ಹೋದರೆ, ಸುಮಾರು 4 ಮೈಕ್ರಾನ್ ಆಚೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ಬೆಳಕನ್ನು ನುಂಗುವುದು ಎಲೆಕ್ಟ್ರಾನ್ ಅಲ್ಲ, ಸಿಲಿಕಾನ್–ಆಮ್ಲಜನಕ ಬಂಧಗಳ ಕಂಪನ. ಪಾರದರ್ಶಕ ಎಂದಾಗಲೆಲ್ಲ ಯಾವ ಬೆಳಕಿಗೆ ಎಂದು ಕೇಳಬೇಕಾಗುತ್ತದೆ.

ಇಷ್ಟೇ ಆಗಿದ್ದರೆ ಕಾಗದ, ಸುಣ್ಣದಕಲ್ಲು, ಉಪ್ಪಿನ ಪುಡಿ ಎಲ್ಲವೂ ಪಾರದರ್ಶಕವಾಗಿರಬೇಕಿತ್ತು. ಅವುಗಳ ಮುಖ್ಯ ವಸ್ತು ಕಾಣುವ ಬೆಳಕನ್ನು ಹೆಚ್ಚೇನೂ ಹೀರುವುದಿಲ್ಲ. ಅವು ಬೆಳ್ಳಗಿರುವುದೇ ಅದಕ್ಕೆ ಸಾಕ್ಷಿ. ಎರಡನೆಯ ಕಾರಣ ತೋರಿಸಲು ನನಗೆ ಬೇರೆ ಏನೂ ಬೇಕಾಗಲಿಲ್ಲ, ಅದೇ ಕ್ಯುವೆಟ್ ಸಾಕಾಯಿತು. ಅದರ ನಾಲ್ಕು ಮುಖಗಳಲ್ಲಿ ಎರಡು ತಿಳಿ, ಎರಡು ಮಬ್ಬು. ಬೆರಳು ತಿಳಿ ಮುಖಕ್ಕೆ ತಾಗದಿರಲಿ ಎಂದು ಹಿಡಿಯಲಿಕ್ಕೆ ಮಾಡಿದ ಮಬ್ಬು ಅದು. ನಾಲ್ಕೂ ಮುಖ ಒಂದೇ ಗಾಜು, ಒಂದೇ ಬ್ಯಾಂಡ್ ಗ್ಯಾಪ್. ಆದರೂ ಮಬ್ಬು ಮುಖದ ಹಿಂದೆ ಹಾಳೆ ಹಿಡಿದರೆ ಅಕ್ಷರ ಓದಲಾಗದು.

ಬೆಳಕು ಗಾಳಿಯಿಂದ ಗಾಜಿಗೆ ನೇರವಾಗಿ ಹೊಕ್ಕಾಗಲೂ ನೂರಕ್ಕೆ 4 ಪಾಲು ಹಿಂದಕ್ಕೆ ಚಿಮ್ಮುತ್ತದೆ, ಹೊರಬರುವಾಗ ಮತ್ತೆ 4. ಮೇಲೆ ಹೇಳಿದ 0.04 ರೀಡಿಂಗ್ ಬಹುಮಟ್ಟಿಗೆ ಇದೇ, ಕ್ಯುವೆಟ್‌ನ ಎರಡು ಹೊರಮುಖಗಳದ್ದು. ಗಾಜು ಅಲ್ಲಿ ನುಂಗಿದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ. ಇಂಥ 100 ಮೇಲ್ಮೈಗಳನ್ನು ಸಾಲಾಗಿ ಇಟ್ಟರೆ ನೇರ ದಾಟಿ ಬರುವ ಬೆಳಕು ನೂರಕ್ಕೆ 2ಕ್ಕಿಂತ ಕಡಿಮೆ. ಕಾಗದದಲ್ಲಿ ನಾರು ಮತ್ತು ಗಾಳಿ, ಪುಡಿಯಲ್ಲಿ ಹರಳು ಮತ್ತು ಗಾಳಿ, ಹೀಗೆ ಲೆಕ್ಕವಿಲ್ಲದಷ್ಟು ಮೇಲ್ಮೈಗಳು, ಅದೂ ದಿಕ್ಕಿಗೊಂದರಂತೆ ತಿರುಗಿಕೊಂಡು. ಬೆಳಕು ಚದುರಿ ಬಿಳಿಯಾಗಿ ವಾಪಸ್ ಬರುತ್ತದೆ. ಗಾಜನ್ನೇ ಕುಟ್ಟಿದರೂ ಬಿಳಿ ಪುಡಿ ಆಗುವುದು ಇದರಿಂದ.

ಗಾಜು ದ್ರವದಿಂದ ತಣ್ಣಗಾಗುವಾಗ ಒಳಗೆ ಹರಳಿನ ಕಣಗಳು ಹುಟ್ಟುವುದಿಲ್ಲ, ಆದ್ದರಿಂದ ಕಣಗಳ ನಡುವಿನ ಗಡಿಗಳೂ ಇಲ್ಲ. ಅಣುಗಳ ಜೋಡಣೆ ಅಸ್ತವ್ಯಸ್ತ ನಿಜ, ಆದರೆ ಆ ಅಸ್ತವ್ಯಸ್ತತೆ ಒಂದು ನ್ಯಾನೋಮೀಟರಿಗೂ ಚಿಕ್ಕದು. 500 ನ್ಯಾನೋಮೀಟರ್ ಉದ್ದದ ಅಲೆಗೆ ಅದು ತಿಳಿಯುವುದೇ ಇಲ್ಲ. ಅಸ್ತವ್ಯಸ್ತ ಜೋಡಣೆಯೇ ಪಾರದರ್ಶಕತೆಗೆ ಕಾರಣ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ವಜ್ರ ಪಕ್ಕಾ ಹರಳು, ಆದರೂ ತಿಳಿ. ಒಳಗೆ ಬೆಳಕನ್ನು ಚದುರಿಸುವ ಗಡಿ ಇರಬಾರದು, ಅಷ್ಟೇ. ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್, ಇದಕ್ಕೆ ಒಳ್ಳೆಯ ಉದಾಹರಣೆ. ಮಾಮೂಲಿ ಅಲ್ಯುಮಿನಾ ಸೆರಾಮಿಕ್ ಬೆಳ್ಳಗೆ, ಅಪಾರದರ್ಶಕ. 1950ರ ದಶಕದ ಕೊನೆಯಲ್ಲಿ ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ಕೋಬಲ್, ಅದಕ್ಕೆ ತುಸು ಮೆಗ್ನೀಷಿಯಂ ಆಕ್ಸೈಡ್ ಸೇರಿಸಿ ಸುಟ್ಟರೆ ಒಳಗಿನ ಗಾಳಿರಂಧ್ರಗಳು ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗುತ್ತವೆ ಎಂದು ಕಂಡುಕೊಂಡರು. ಬೆಳಕು ಹಾಯಿಸುವ ಆ ಸೆರಾಮಿಕ್ ಸೋಡಿಯಂ ದೀಪಗಳ ಒಳಕೊಳವೆಯಾಯಿತು.

ಕೊನೆಗೆ ಮೈಕ್ರೋಸ್ಕೋಪಿನ ಪಕ್ಕದಲ್ಲಿದ್ದ ಇಮ್ಮರ್ಷನ್ ಆಯಿಲ್ ಬಾಟಲಿಯನ್ನು ಅವಳ ಕೈಗೆ ಕೊಟ್ಟೆ. ಬೆಳಕಿನ ವೇಗವನ್ನು ಎಷ್ಟು ಇಳಿಸುತ್ತದೆ ಎಂದು ಹೇಳುವ ಅದರ ವಕ್ರೀಭವನಾಂಕ 1.515, ಗಾಜಿನದಕ್ಕೆ ತೀರ ಹತ್ತಿರ, ಹಾಗಾಗಿ ಎರಡರ ನಡುವಿನ ಗಡಿ ಬೆಳಕಿಗೆ ಹೆಚ್ಚುಕಡಿಮೆ ಗೊತ್ತಾಗುವುದೇ ಇಲ್ಲ. ಆ ಹಳೆಯ ಕ್ಯುವೆಟ್‌ನ ಎರಡೂ ಮಬ್ಬು ಮುಖಗಳಿಗೆ ಮೊದಲು ನೀರು ಹಚ್ಚಿದಳು. ಮಬ್ಬು ಅರ್ಧ ಇಳಿಯಿತು. ಒರೆಸಿ ಆಯಿಲ್ ಹಚ್ಚಿ ನೋಟ್‌ಬುಕ್ಕಿನ ಮುಂದೆ ಹಿಡಿದಾಗ ಗೀರುಗಳೆಲ್ಲ ತುಂಬಿಕೊಂಡು ಮಬ್ಬು ಕರಗಿಹೋಯಿತು. ಆ ಗಾಜಿನ ಮೂಲಕ, ತಾನೇ ಹಿಂದಿನ ದಿನ ಬರೆದಿದ್ದ "ಡಿಎನ್‌ಎ ಇಲ್ಲ" ಎಂಬ ಸಾಲನ್ನು ಓದಿ, ಪೆನ್ನು ತೆಗೆದು ಅದಕ್ಕೆ ಗೆರೆ ಎಳೆದಳು.