ಒಂದೂವರೆ ನಿಮಿಷಕ್ಕೇ ಬಿಟ್ಟು ಹೋದವರು ಯಾರು?

"ಮಿಸ್, ನಾನೂ ನಿಮ್ಮ ಹಾಗೆ ಪಾಠದ ಚಾನೆಲ್ ಶುರು ಮಾಡಿದೀನಿ. ವ್ಯೂಸ್ ಪರವಾಗಿಲ್ಲ, ಆದ್ರೆ ಎಲ್ಲರೂ ಒಂದೂವರೆ ನಿಮಿಷಕ್ಕೇ ಬಿಟ್ಟು ಹೋಗ್ತಾರೆ. ಅನಲಿಟಿಕ್ಸ್‌ನಲ್ಲಿ ಏನು ನೋಡ್ಬೇಕು?"

ನನಗೂ ಇದೇ ಒಂದೂವರೆ ನಿಮಿಷ ಎರಡು ವಾರ ನಿದ್ದೆ ಕೆಡಿಸಿತ್ತು. ಅದರ ಕತೆ ಹೇಳ್ತೀನಿ, ಉತ್ತರ ಅದರಲ್ಲೇ ಇದೆ.

ನಾನು ಶಿರಾ ಕಡೆಯ ಒಂದು ಹಳ್ಳಿಯಲ್ಲಿ ಗಣಿತ ಹೇಳಿಕೊಡುತ್ತೇನೆ. ಏಳನೇ ಕ್ಲಾಸಿನ ಭಿನ್ನರಾಶಿ ಭಾಗಾಕಾರದ ಮೇಲೆ ಒಂದು ವಿಡಿಯೋ ಮಾಡಿದೆ. ಶಾಲೆ ಬಿಟ್ಟ ಮೇಲೆ, ಖಾಲಿ ಕ್ಲಾಸಿನಲ್ಲಿ, ಬೆಂಚಿನ ಮೇಲೆ ಪುಸ್ತಕ ಪೇರಿಸಿ ಅದಕ್ಕೆ ಫೋನ್ ಒರಗಿಸಿ ತೆಗೆದದ್ದು. ವಿಡಿಯೋ 14 ನಿಮಿಷ 20 ಸೆಕೆಂಡ್ ಇತ್ತು. ಲಿಂಕನ್ನು ಗೊತ್ತಿದ್ದ ಎಲ್ಲ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಹತ್ತು ದಿನಕ್ಕೆ 212 ವ್ಯೂಸ್ ಬಂತು. ಆದರೆ ಸರಾಸರಿ ನೋಡಿದ ಸಮಯ 1 ನಿಮಿಷ 30 ಸೆಕೆಂಡ್. ಹತ್ತರಲ್ಲಿ ಒಂದು ಪಾಲು ಪಾಠ ಕೇಳಿ ಎಲ್ಲರೂ ಎದ್ದು ಹೋದರು ಅಂತ ತಿಳಿದುಕೊಂಡೆ. ನನ್ನ ಪಾಠವೇ ಸರಿ ಇಲ್ಲ ಅನ್ನಿಸಿಬಿಟ್ಟಿತು.

ಒಂದು ಭಾನುವಾರ ಯೂಟ್ಯೂಬ್ ಸ್ಟುಡಿಯೋ ತೆರೆದು, ಆ ವಿಡಿಯೋದ ಟ್ರಾಫಿಕ್ ಸೋರ್ಸ್ ಅನ್ನೋ ಜಾಗಕ್ಕೆ ಹೋದೆ. ನೋಡುವವರು ಎಲ್ಲಿಂದ ಬಂದರು ಅನ್ನೋದು ಅಲ್ಲಿ ಸಿಗುತ್ತೆ. ಒಂದೊಂದು ದಾರಿಯಿಂದ ಬಂದವರು ಸರಾಸರಿ ಎಷ್ಟು ಹೊತ್ತು ನೋಡಿದರು ಅನ್ನೋದೂ ಬೇರೆ ಬೇರೆಯಾಗಿ ಇರುತ್ತೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊರಗಿನ ಲಿಂಕ್, ಅಂದರೆ ವಾಟ್ಸಾಪ್‌ನಿಂದ ಬಂದದ್ದು 168, ನೋಡಿದ್ದು ಸರಾಸರಿ 41 ಸೆಕೆಂಡ್. ಯೂಟ್ಯೂಬ್‌ನಲ್ಲೇ ಹುಡುಕಿ ಬಂದದ್ದು 29, ನೋಡಿದ್ದು 6 ನಿಮಿಷ 12 ಸೆಕೆಂಡ್. ಮಿಕ್ಕ 15 ಚಿಲ್ಲರೆ.

ಈ 168ರಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ, ನನ್ನ ಡಿ.ಎಡ್. ಗೆಳತಿಯರಿದ್ದಾರೆ, ಮಕ್ಕಳ ಅಪ್ಪ ಅಮ್ಮ ಇದ್ದಾರೆ. ನನ್ನ ಮೇಲಿನ ಪ್ರೀತಿಗೆ ಒತ್ತಿದರು, ಮುಖ ನೋಡಿದರು, ಹೆಬ್ಬೆರಳು ಹಾಕಿದರು, ಮುಗೀತು. ಅವರಿಗೆ ಭಿನ್ನರಾಶಿ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ 29 ಜನಕ್ಕೆ. ಗುಣಿಸಿ ನೋಡಿದೆ. 29 ಜನ ಸೇರಿ ನೋಡಿದ್ದು ಸುಮಾರು 3 ಗಂಟೆ. 168 ಜನ ಸೇರಿ ನೋಡಿದ್ದು 2 ಗಂಟೆಗೂ ಕಡಿಮೆ. ಎರಡೂ ಗುಂಪನ್ನು ಒಂದೇ ಪಾತ್ರೆಗೆ ಸುರಿದು ತೆಗೆದ ಸರಾಸರಿ ನೋಡಿ ನಾನು ಅಳ್ತಾ ಕೂತಿದ್ದೆ. ಸರಾಸರಿ ತೆಗೆಯೋದನ್ನ ಮಕ್ಕಳಿಗೆ ಕಲಿಸುವವಳು ನಾನೇ ಅಲ್ವಾ, ಮೊದಲೇ ಹೊಳೆಯಬೇಕಿತ್ತು.

ಅದೇ ಜಾಗದಲ್ಲಿ, ಹುಡುಕಿ ಬಂದವರು ಏನು ಟೈಪ್ ಮಾಡಿದರು ಅನ್ನೋದೂ ಇತ್ತು: `bhinnarashi bhagakara`, `7th maths fractions in kannada`. ಕನ್ನಡ ಮಾಧ್ಯಮದ ಮಕ್ಕಳು, ಆದರೆ ಫೋನಿನಲ್ಲಿ ಒತ್ತೋದು ಇಂಗ್ಲಿಷ್ ಅಕ್ಷರ. ನನ್ನ ಶೀರ್ಷಿಕೆಯಲ್ಲಿ "ಗಣಿತ ಪಾಠ, ಭಾಗ 3" ಅಂತಷ್ಟೇ ಇತ್ತು. ಅದನ್ನು ಅವತ್ತೇ ಬದಲಾಯಿಸಿದೆ. ಕನ್ನಡದಲ್ಲಿ ಪಾಠದ ಹೆಸರು, ಪಕ್ಕದಲ್ಲಿ ಮಕ್ಕಳು ಒತ್ತುವ ಅದೇ ಪದಗಳು.

ಆಮೇಲೆ ರಿಟೆನ್ಷನ್ ಗ್ರಾಫ್. ಇದನ್ನ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನಾನು ಇಲ್ಲೇ ಜಾಸ್ತಿ ತಪ್ಪಿದ್ದು. ವಿಡಿಯೋದ ಒಂದೊಂದು ಕ್ಷಣದಲ್ಲಿ ನೂರಕ್ಕೆ ಎಷ್ಟು ಜನ ನೋಡ್ತಿದ್ದರು ಅನ್ನೋ ಗೆರೆ ಅದು. ನನ್ನ ಗೆರೆ ಮೊದಲ ನಿಮಿಷದಲ್ಲಿ ದಡಕ್ಕನೆ ಬೀಳ್ತಿತ್ತು. ಅದರಲ್ಲಿ ವಾಟ್ಸಾಪ್‌ನವರ ಪಾಲೂ ಇದೆ. ಆದರೆ ನಾನೂ ಅಲ್ಲಿ ನಮಸ್ಕಾರ, ಪರಿಚಯ, ಸಬ್‌ಸ್ಕ್ರೈಬ್ ಮಾಡಿ ಅಂತ 1 ನಿಮಿಷ 10 ಸೆಕೆಂಡ್ ಮಾತಾಡಿದ್ದೆ. ಲೆಕ್ಕ ಬೇಕು ಅಂತ ಬಂದ ಮಗು ಅಷ್ಟು ಹೊತ್ತು ಯಾಕೆ ಕಾಯಬೇಕು?

ಮುಂದೆ ಗೆರೆ ಸಮವಾಗಿ ಸಾಗಿ, 6 ನಿಮಿಷ 40 ಸೆಕೆಂಡಿಗೆ ಒಂದು ಗುಡ್ಡದ ಹಾಗೆ ಎದ್ದಿತ್ತು. ನೋಡಿ ಖುಷಿಯಾಯ್ತು. ಇಲ್ಲಿ ಚೆನ್ನಾಗಿ ಹೇಳಿದೀನಿ, ಮಕ್ಕಳಿಗೆ ಇಷ್ಟ ಆಗಿದೆ ಅಂದುಕೊಂಡೆ.

ಗೆರೆ ಮೇಲೆದ್ದರೆ ಹೊಸಬರು ಆ ಜಾಗಕ್ಕೇ ಹಾರಿ ಬಂದಿರಬೇಕು, ಇಲ್ಲಾ ನೋಡ್ತಿದ್ದವರೇ ಹಿಂದಕ್ಕೆ ಎಳೆದು ಮತ್ತೆ ನೋಡಿರಬೇಕು. ಇಷ್ಟಪಟ್ಟು ಮತ್ತೆ ನೋಡಿದರೂ, ಅರ್ಥವಾಗದೆ ಮತ್ತೆ ನೋಡಿದರೂ ಗ್ರಾಫಿನಲ್ಲಿ ಗುಡ್ಡ ಒಂದೇ ಥರ ಕಾಣುತ್ತೆ. ಯಾವುದು ಅಂತ ಗ್ರಾಫ್ ಹೇಳೋದಿಲ್ಲ.

ನನಗೆ ಹೇಳಿದ್ದು ನನ್ನ ಕ್ಲಾಸಿನ ಒಬ್ಬ ಹುಡುಗಿ. ಸಂಜೆ ಅಪ್ಪ ಮನೆಗೆ ಬಂದ ಮೇಲೆ ಅವರ ಫೋನಿನಲ್ಲಿ ನೋಡುವವಳು. "ಮಿಸ್, ಅಲ್ಲಿ ಮೂರು ಸಲ ಹಿಂದಕ್ಕೆ ಹಾಕ್ದೆ. ಬೋರ್ಡ್ ಹೊಳೀತಿತ್ತು. ಯಾವುದನ್ನ ತಿರುಗಿಸಿದ್ರಿ ಅಂತ ಕಾಣ್ಲೇ ಇಲ್ಲ" ಅಂದಳು.

ಅಲ್ಲಿ ಇದ್ದ ಲೆಕ್ಕ 3/4 ÷ 2/5. ಎರಡನೇ ಭಿನ್ನರಾಶಿಯ ವ್ಯುತ್ಕ್ರಮ ತೆಗೆದುಕೊಂಡು 3/4 × 5/2 ಅಂತ ಬರೆದರೆ ಉತ್ತರ 15/8. ನಾನು ಬಾಯಲ್ಲಿ "ಈಗ ಇದನ್ನ ತಿರುಗಿಸಿ" ಅಂತಷ್ಟೇ ಹೇಳಿದ್ದೆ. ಕಿಟಕಿಯ ಬೆಳಕು ಸರಿಯಾಗಿ ಅದೇ ಅಂಕಿಯ ಮೇಲೆ ಬಿದ್ದಿತ್ತು. ಅವತ್ತೇ ಮನೆಗೆಲಸದ ನೋಟ್‌ಬುಕ್ ತರಿಸಿದೆ. 26 ಮಕ್ಕಳಲ್ಲಿ 11 ಜನ 8/15 ಬರೆದಿದ್ದರು. ಮೊದಲನೆಯದನ್ನು ತಿರುಗಿಸಿ 4/3 × 2/5 ಮಾಡಿದರೆ ಬರೋದು ಅದೇ 8/15. ನಾನು ಖುಷಿಪಟ್ಟ ಗುಡ್ಡ ಮಕ್ಕಳು ಎಡವಿದ ಜಾಗವಾಗಿತ್ತು.

ಮತ್ತೆ ತೆಗೆದೆ. ಈ ಸಲ ಬೆಳಿಗ್ಗೆ, ಕಿಟಕಿ ಮುಚ್ಚಿ. ಶುರುವಿನಲ್ಲೇ ಬೋರ್ಡಿನ ಮೇಲೆ ಲೆಕ್ಕ. ತಿರುಗಿಸುವ ಮೊದಲು ಒಂದು ಮಾತು ಸೇರಿಸಿದೆ: 3 ಮೀಟರ್ ಬಟ್ಟೆಯಲ್ಲಿ ಅರ್ಧರ್ಧ ಮೀಟರಿನ ತುಂಡು ಎಷ್ಟು? ಆರು. ಅಂದರೆ 3 ÷ 1/2 ಅನ್ನೋದು 3 × 2. ತುಂಡಿನ ಅಳತೆ ಹೇಳೋದು ಎರಡನೆಯದು, ಅದಕ್ಕೇ ತಿರುಗೋದೂ ಎರಡನೆಯದು. ವಿಡಿಯೋ 6 ನಿಮಿಷ 5 ಸೆಕೆಂಡಿಗೆ ಮುಗೀತು.

ತಿಂಗಳು ಬಿಟ್ಟು ನೋಡಿದೆ. ಹುಡುಕಿ ಬಂದವರು ನೋಡಿದ ಸರಾಸರಿ 3 ನಿಮಿಷ 48 ಸೆಕೆಂಡ್. ಮೊದಲು 6 ನಿಮಿಷ 12 ಇತ್ತಲ್ಲ, ಇಳಿದುಬಿಟ್ಟಿತಾ ಅಂತ ಎದೆ ಧಸಕ್ಕೆಂದಿತು. ಆದರೆ ಆ ವಿಡಿಯೋ 14 ನಿಮಿಷದ್ದು, ಇದು 6 ನಿಮಿಷದ್ದು. ಉದ್ದಕ್ಕೆ ಹೋಲಿಸಿದರೆ ಅದರಲ್ಲಿ ನೂರಕ್ಕೆ 43 ಭಾಗ ನೋಡಿದ್ದರು, ಇದರಲ್ಲಿ 62. ಉದ್ದ ಬೇರೆ ಇರುವ ಎರಡು ವಿಡಿಯೋಗಳ ನಿಮಿಷಗಳನ್ನು ಹಾಗೇ ಪಕ್ಕಪಕ್ಕ ಇಡಬೇಡಿ. ತಿರುಗಿಸುವ ಜಾಗದಲ್ಲಿ ಈಗ ಗುಡ್ಡ ಇಲ್ಲ, ಸಣ್ಣ ಉಬ್ಬು ಅಷ್ಟೆ. ಕೊನೆಯಲ್ಲಿ "ಇವತ್ತು ಕಲಿತದ್ದು" ಅಂತ ನಾನು ಶುರು ಮಾಡಿದ ಕೂಡಲೇ ಗೆರೆ ಇಳಿಯುತ್ತೆ. ಇಳಿಯಲಿ, ಅವರ ಕೆಲಸ ಆಗಿದೆ.

ಇನ್ನೊಂದು. ವ್ಯೂಸ್ 40, 50 ಇದ್ದಾಗ ಶೇಕಡಾ ನೋಡಿ ಹೆದರಬೇಡಿ. 40ರಲ್ಲಿ 4 ಮಕ್ಕಳು ಊಟಕ್ಕೆ ಎದ್ದು ಹೋದರೂ ನೂರಕ್ಕೆ ಹತ್ತು ಇಳಿಯುತ್ತೆ. ನಾನು ಈಗ ಒಂದು ತಿಂಗಳಾದರೂ ಬಿಟ್ಟೇ ನೋಡೋದು. ಎಲ್ಲಕ್ಕಿಂತ ಮೊದಲು ಟ್ರಾಫಿಕ್ ಸೋರ್ಸ್ ತೆರೆದು, ನಿಮ್ಮ ಒಂದೂವರೆ ನಿಮಿಷ ಯಾರದ್ದು ಅಂತ ಬಿಡಿಸಿ ನೋಡಿ.

ಮೊನ್ನೆ ದಶಮಾಂಶದ ವಿಡಿಯೋದಲ್ಲಿ 4 ನಿಮಿಷ 10 ಸೆಕೆಂಡಿಗೆ ಇನ್ನೊಂದು ಗುಡ್ಡ ಎದ್ದಿದೆ. 0.2 × 0.3 ಬರೆಯುವ ಜಾಗ ಅದು. ನಾಳೆ ನೋಟ್‌ಬುಕ್ ತರಿಸಿ, 0.6 ಅಂತ ಬರೆದವರು ಎಷ್ಟು ಜನ ಅಂತ ಎಣಿಸಬೇಕು.