ನೀರು ಹೊರಬೇಡಿ, ಚೀಟಿ ಕಟ್ಟಿ: ಕೋಬೆಯಿಂದ ರಾಯಚೂರಿನ ಮನೆಗೆ

ಹೋದ ವಾರ ರಾಯಚೂರಿನಿಂದ ಅತ್ತಿಗೆ ಫೋನ್ ಮಾಡಿದ್ದರು. ಎಮರ್ಜೆನ್ಸಿ ಬ್ಯಾಗು ಮಾಡಬೇಕು, ಏನೇನು ಇಡಲಿ ಅಂತ ಕೇಳಿದರು. ನಾನಿರುವ ಜಪಾನಿನ ಕೋಬೆಯಲ್ಲಿ ತುಂಬಾ ಮನೆಗಳ ಬಾಗಿಲ ಹತ್ತಿರ ಅಂಥದ್ದೊಂದು ಬ್ಯಾಗು ಇರುತ್ತದೆ. 1995ರ ಜನವರಿ 17ರಂದು, ಬೆಳಗ್ಗೆ 5:46ಕ್ಕೆ ಇಲ್ಲಿ ಭೂಕಂಪ ಆಗಿ 6,400ಕ್ಕೂ ಹೆಚ್ಚು ಜನ ಸತ್ತರು. ಅವತ್ತಿನಿಂದ ಈ ಊರಿಗೆ ಇದು ಅಭ್ಯಾಸ. ಆದರೆ ಇಲ್ಲಿನ ಪಟ್ಟಿಯನ್ನು ಹಾಗೇ ಎತ್ತಿ ರಾಯಚೂರಿಗೆ ಕಳಿಸಿದರೆ ಉಪಯೋಗವಿಲ್ಲ. ಅಲ್ಲಿ ಭೂಕಂಪದ ಭಯ ಕಡಿಮೆ, ಕೃಷ್ಣೆ ತುಂಗಭದ್ರೆಯರ ಭಯ ಜಾಸ್ತಿ. 2009ರ ಅಕ್ಟೋಬರ್‌ನಲ್ಲಿ ಮಂತ್ರಾಲಯದ ಮಠದೊಳಗೇ ಹೊಳೆ ನುಗ್ಗಿತ್ತು, 2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಹೊಳೆದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಕೊಟ್ಟಿದ್ದರು.

ಮೊದಲು ನೀರಿನ ಲೆಕ್ಕ ನೋಡಿ, ಯಾಕಂದ್ರೆ ಎಲ್ಲರೂ ಎಡವುವುದು ಅಲ್ಲೇ. ಇಲ್ಲಿ ಹೇಳುವುದು ಒಬ್ಬರಿಗೆ ದಿನಕ್ಕೆ 3 ಲೀಟರ್, ಕನಿಷ್ಠ 3 ದಿನಕ್ಕೆ. ನಮ್ಮ ಮನೆಯಲ್ಲಿ ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ಒಟ್ಟು ಆರು ಜನ. ಅಂದರೆ 54 ಲೀಟರ್, ಅಷ್ಟೇ ಕೆಜಿ ತೂಕ. ಅದನ್ನು ಯಾರು ಹೊರಬೇಕು? ಹಾಗಾಗಿ ಈ ನೀರು ಬ್ಯಾಗಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. 20 ಲೀಟರಿನ ಕ್ಯಾನ್ ಮೂರು ಇದ್ದರೆ ಲೆಕ್ಕ ಸರಿಹೋಯಿತು. ಒಂದು ಖಾಲಿಯಾದ ಕೂಡಲೇ ಹೊಸದು ತರಿಸಿ, ಹಳೆಯದನ್ನೇ ಮೊದಲು ಬಳಸಿ. ಮಳೆಗಾಲದಲ್ಲಿ ಅವನ್ನು ಮಾಳಿಗೆಯ ಮೆಟ್ಟಿಲ ಮೇಲೆ ಎತ್ತರದಲ್ಲಿ ಇಡಿ, ಮನೆಯೊಳಗೆ ನೀರು ಬಂದರೆ ಮೊದಲು ಕೆಡುವುದು ಕುಡಿಯುವ ನೀರೇ. ಬ್ಯಾಗಿನಲ್ಲಿ ದೊಡ್ಡವರಿಗೆ ತಲಾ ಒಂದು ಲೀಟರ್ ಸಾಕು. ಜೊತೆಗೆ ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ ಇರಲಿ. ಕೆಂಪು ನೀರಾದರೆ ಮೊದಲು ದಪ್ಪ ಬಟ್ಟೆಯಲ್ಲಿ ಸೋಸಿ, ಆಮೇಲೆ ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ರಾಡಿ ನೀರಿಗೆ ನೇರವಾಗಿ ಹಾಕಿದರೆ ಮಾತ್ರೆಯ ಶಕ್ತಿ ಮಣ್ಣಿಗೇ ಮುಗಿದುಹೋಗುತ್ತದೆ.

ಹಾಗಾದರೆ ಬ್ಯಾಗಿನಲ್ಲಿ ಏನಿರಬೇಕು? ನನ್ನ ಪ್ರಕಾರ ಬೇರೆ ಯಾರೂ ನಿಮಗೆ ತಂದುಕೊಡಲಾಗದ್ದು. ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಸಿಗುತ್ತದೆ, ಚಾಪೆ ಹೊದಿಕೆ ಸಿಗಬಹುದು. ಆದರೆ ಅಪ್ಪನ ಬಿಪಿ ಮಾತ್ರೆ, ಅವ್ವನ ಇನ್ಸುಲಿನ್, ಅತ್ತಿಗೆಯ ಕನ್ನಡಕ, ಪ್ಯಾಡು, ಎಲ್ಲರ ಒಳಬಟ್ಟೆ, ಇವನ್ನು ಅಲ್ಲಿ ಯಾರನ್ನು ಕೇಳುತ್ತೀರಿ? ಮಾತ್ರೆ ಕನಿಷ್ಠ ಒಂದು ವಾರಕ್ಕೆ ಆಗುವಷ್ಟು ಇರಲಿ, ಡಾಕ್ಟರ್ ಚೀಟಿಯ ಜೆರಾಕ್ಸೂ ಇರಲಿ. ಹಳೆಯ ಕನ್ನಡಕ ಎಸೆಯಬೇಡಿ, ನಂಬರು ಸ್ವಲ್ಪ ಹೆಚ್ಚುಕಮ್ಮಿ ಆದರೂ ಬ್ಯಾಗಿಗೆ ಅದೇ ಸರಿ.

ಇನ್ಸುಲಿನ್ ಮಾತ್ರ ಬ್ಯಾಗಿನಲ್ಲಿ ಇಡುವ ಹಾಗಿಲ್ಲ. ಕೋಬೆಯ ಚಳಿಯಲ್ಲಿ ನಡೆದೀತು, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಕೆಟ್ಟೇ ಹೋಗುತ್ತದೆ. ಅದು ಫ್ರಿಜ್‌ನಲ್ಲೇ ಇರಲಿ, ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಅದಕ್ಕೇ ಬ್ಯಾಗಿನ ಜಿಪ್ಪಿಗೆ ಒಂದು ಚೀಟಿ ಕಟ್ಟಿ. ನಮ್ಮ ಮನೆಯದರಲ್ಲಿ ದೊಡ್ಡಕ್ಷರದಲ್ಲಿ ಬರೆಯಲು ಹೇಳಿದ್ದೇನೆ: ಫ್ರಿಜ್ ಬಾಗಿಲಿನಿಂದ ಇನ್ಸುಲಿನ್, ಚಾರ್ಜರ್, ಅಪ್ಪನ ಕಿವಿ ಮಷಿನ್, ಮೇನ್ ಸ್ವಿಚ್ ಆಫ್, ಸಿಲಿಂಡರಿನ ರೆಗ್ಯುಲೇಟರ್ ಬಂದ್. ಗಾಬರಿಯಲ್ಲಿ ತಲೆ ಓಡುವುದಿಲ್ಲ, ಚೀಟಿ ಓದಲು ಬರುತ್ತದೆ. ನೆಲದ ಮೇಲೆ ಆಗಲೇ ನೀರು ನಿಂತಿದ್ದರೆ ಮೇನ್ ಸ್ವಿಚ್ ಮುಟ್ಟಲು ಹೋಗಬೇಡಿ. ಕೇಂದ್ರ ತಲುಪಿದ ಮೇಲೆ ಫ್ರಿಜ್ ಇಲ್ಲದಿದ್ದರೆ ಸೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಿಕೆಯೊಳಗೆ ನೆರಳಿನಲ್ಲಿ ಇಡಬಹುದು. ಕಡುಬೇಸಿಗೆಯಲ್ಲಿ ಇದೊಂದನ್ನೇ ತುಂಬಾ ದಿನ ನೆಚ್ಚಿಕೊಳ್ಳಬೇಡಿ. ಮಳೆಗಾಲದ ತೇವದಲ್ಲಂತೂ ಮಡಿಕೆ ಅಷ್ಟು ತಂಪಾಗುವುದಿಲ್ಲ, ಕೇಂದ್ರಕ್ಕೆ ಬರುವ ನರ್ಸಿಗೆ ಮೊದಲೇ ಹೇಳಿಡಿ.

ತಿನ್ನಲು ಕಟಕ ರೊಟ್ಟಿಗಿಂತ ಒಳ್ಳೆಯದನ್ನು ನಾನು ಇಲ್ಲಿಯ ಅಂಗಡಿಯಲ್ಲೂ ನೋಡಿಲ್ಲ. ಶೇಂಗಾ ಚಟ್ನಿಪುಡಿ, ಬೆಲ್ಲ, ಶೇಂಗಾ ಉಂಡಿ ಇಟ್ಟರೆ ಒಂದು ದಿನ ಹೊಟ್ಟೆಗೆ ಚಿಂತೆಯಿಲ್ಲ. ಒಣ ತಿಂಡಿಗೆ ನೀರಡಿಕೆ ಜಾಸ್ತಿ, ಅದಕ್ಕೆ ಖಾರ ಕಡಿಮೆ ಇರಲಿ.

ಇನ್ನು ಪಾಯಖಾನೆ. ಇದನ್ನು ಬರೆಯಲು ಎಲ್ಲರಿಗೂ ನಾಚಿಕೆ, ಆದರೆ 1995ರಲ್ಲಿ ಕೋಬೆಯಲ್ಲಿ ನಳದ ನೀರು ನಿಂತಾಗ ಜನ ಕಷ್ಟಪಟ್ಟಿದ್ದು ಇದಕ್ಕೇ. ಪಾಯಖಾನೆಗೆ ಹೋಗುವುದು ತಪ್ಪಲಿ ಅಂತ ನೀರು ಕುಡಿಯುವುದನ್ನೇ ಬಿಟ್ಟರೆ ವಯಸ್ಸಾದವರ ಆರೋಗ್ಯ ಕೆಡುತ್ತದೆ. ಇಲ್ಲಿ ಇದಕ್ಕೇ ಅಂತ ಕಪ್ಪು ಚೀಲ, ನೀರು ಗಟ್ಟಿಮಾಡುವ ಪುಡಿ ಎರಡೂ ಒಂದೇ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಅಲ್ಲಿ ಕಸದ ದಪ್ಪ ಕಪ್ಪು ಚೀಲ ಮತ್ತು ಹಳೆ ಪೇಪರ್ ಇಡಿ. ಬಕೆಟ್ಟಿಗೆ ಚೀಲ ಹಾಕಿ, ಒಳಗೆ ಪೇಪರ್ ಚೂರು ತುಂಬಿ, ಆದ ಮೇಲೆ ಬಿಗಿಯಾಗಿ ಗಂಟು ಹಾಕಿದರಾಯಿತು.

ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಪಹಣಿ, ಇವುಗಳ ಜೆರಾಕ್ಸ್ ಒಂದು ಜಿಪ್ ಕವರಿನಲ್ಲಿ ಇರಲಿ. ಡಿಜಿಲಾಕರ್ ಒಳ್ಳೆಯದೇ, ಆದರೆ ಟವರ್ ಬಿದ್ದ ಊರಿನಲ್ಲಿ ಅದು ತೆರೆಯುವುದಿಲ್ಲ. ಫೋನ್‌ಪೇ ಕಥೆಯೂ ಅಷ್ಟೇ, ಹಾಗಾಗಿ ಹತ್ತು, ಇಪ್ಪತ್ತು, ಐವತ್ತರ ನೋಟುಗಳು ಬೇಕು. ಫೋನ್ ನಂಬರುಗಳನ್ನು ಕಾಗದದ ಮೇಲೆ ಬರೆಯಿರಿ. ಊರಾಚೆಯ ಒಬ್ಬ ನೆಂಟರನ್ನು ಗೊತ್ತುಮಾಡಿಕೊಳ್ಳಿ, ಎಲ್ಲರೂ ಅವರಿಗೇ ಸುದ್ದಿ ಕೊಡಲಿ, ಕಾಲ್ ಹೋಗದಿದ್ದರೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಇರುತ್ತದೆ. ಅವ್ವ ಮಾತ್ರ "ಬಂಗಾರನೂ ಅದ್ರಾಗ ಇಡವಾ" ಅಂದಳು. ನಾನು ಬೇಡ ಅಂದೆ. ಶಾಲೆಯ ಹಾಲಿನಲ್ಲಿ ನೂರು ಜನರ ನಡುವೆ ಆ ಬ್ಯಾಗನ್ನೇ ತಲೆದಿಂಬು ಮಾಡಿ ಮಲಗಬೇಕು, ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ. ಬಂಗಾರಕ್ಕೆ ಬ್ಯಾಂಕ್ ಲಾಕರ್ ಇದೆಯಲ್ಲ.

ಬ್ಯಾಗು ಬೆನ್ನಿಗೆ ಹಾಕುವಂಥದ್ದೇ ಇರಬೇಕು. ನೀರಿನಲ್ಲಿ ಚಕ್ರದ ಸೂಟ್‌ಕೇಸ್ ಹೊರೆಯೇ ಆಗುತ್ತದೆ, ಮಕ್ಕಳ ಕೈ ಹಿಡಿಯಲು ಕೈ ಖಾಲಿ ಇರಬೇಕು. ತುಂಬಿದ ಮೇಲೆ ಹೊತ್ತುಕೊಂಡು ಮಾಳಿಗೆ ಹತ್ತಿ ಇಳಿದು ನೋಡಿ, ಏದುಸಿರು ಬಂದರೆ ಏನಾದರೂ ತೆಗೆಯಿರಿ. ಅದು ಅಟ್ಟದ ಮೇಲೂ ಬೇಡ, ತಿಜೋರಿಯೊಳಗೂ ಬೇಡ, ತಲಬಾಗಿಲ ಹತ್ತಿರ ಎದೆಯೆತ್ತರದ ಮೊಳೆಗೆ ತೂಗುಹಾಕಿ.

ಬೆಂಕಿಯ ವಿಷಯ ಬೇರೆ. ಹೊಳೆ ಬಹಳ ಸಲ ಮೊದಲೇ ಸುಳಿವು ಕೊಡುತ್ತದೆ, ಹೊಗೆ ನಿಮಿಷಗಳನ್ನಷ್ಟೇ ಕೊಡುತ್ತದೆ. ಬ್ಯಾಗು ಹೊರಗೆ ಹೋಗುವ ದಾರಿಯಲ್ಲೇ ಸಿಕ್ಕರೆ ಎತ್ತಿಕೊಳ್ಳಿ, ಇಲ್ಲದಿದ್ದರೆ ಅದಕ್ಕಾಗಿ ಒಳಗೆ ತಿರುಗಬೇಡಿ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಬೆಂಕಿಯಲ್ಲಿ ಬ್ಯಾಗೂ ಸುಡಬಹುದು, ಅದಕ್ಕೇ ಕಾಗದಗಳ ಇನ್ನೊಂದು ಸೆಟ್ ಸಿಂಧನೂರಿನ ಅಕ್ಕನ ಮನೆಯಲ್ಲಿ ಇಡಿಸಿದ್ದೇನೆ. ಭೂಕಂಪಕ್ಕೆ ಅಂತ ಇಲ್ಲಿಂದ ತೆಗೆದುಕೊಂಡದ್ದು ಒಂದೇ: ಮಂಚದ ಪಕ್ಕ ಗಟ್ಟಿ ಅಡಿಯ ಬೂಟು, ಟಾರ್ಚು. ನೆಲದ ಮೇಲೆ ಗಾಜು ಬಿದ್ದಿದ್ದರೆ ಬರಿಗಾಲಲ್ಲಿ ಬಾಗಿಲವರೆಗೂ ಹೋಗಲಾಗುವುದಿಲ್ಲ.

ವರ್ಷಕ್ಕೆ ಎರಡು ಸಲ ಬಿಚ್ಚಿ ನೋಡಬೇಕು. ನಮ್ಮ ಮನೆಗೆ ಕಾರಹುಣ್ಣಿಮೆ ಮತ್ತು ದೀಪಾವಳಿ ಅಂತ ಗೊತ್ತುಮಾಡಿದ್ದೇವೆ. ರೊಟ್ಟಿ ಮುಗ್ಗಲು ವಾಸನೆ ಬಂದಿದೆಯಾ, ಮಾತ್ರೆಯ ತಾರೀಖು ದಾಟಿದೆಯಾ, ಮಕ್ಕಳ ಬಟ್ಟೆ ಚಿಕ್ಕದಾಗಿದೆಯಾ ನೋಡಿ. ಪವರ್ ಬ್ಯಾಂಕ್ ಉಬ್ಬಿದ್ದರೆ ಬದಲಿಸಿ, ಬೇಸಿಗೆಯಲ್ಲಿ ಅದನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕಲೇಬಾರದು. ಟಾರ್ಚಿನ ಸೆಲ್ಲು ಹೊರಗೆ ತೆಗೆದು ಟಾರ್ಚಿಗೇ ಟೇಪ್ ಹಚ್ಚಿ ಇಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚೇ ಹಾಳಾಗುತ್ತದೆ.