ಸುಳ್ಳು ಹೇಳದ ನಿರೂಪಕನನ್ನೂ ನಂಬಲಾಗದು

"ಕಥೆ ಹೇಳ್ತಿರೋ 'ನಾನು'ನ ನಂಬೋಕಾಗಲ್ಲ ಅಂತ ಓದುವಾಗಲೇ ಗೊತ್ತಾಗುತ್ತೆ. ಆದರೆ ಇಡೀ ಕಥೆಯಲ್ಲಿ ಇರೋದು ಅವನ ಮಾತು ಮಾತ್ರ. ಅದನ್ನ ಅಸೈನ್‌ಮೆಂಟ್‌ನಲ್ಲಿ ಸಾಬೀತು ಮಾಡೋದು ಹೇಗೆ?"

ಅವನ ಮಾತಿನಿಂದಲೇ. ಅವನು ಕಂಡದ್ದು, ಕೇಳಿದ್ದು, ಮಾಡಿದ್ದು ಒಂದು ಕಡೆ. ಅದಕ್ಕೆ ಅವನು ಕೊಡುವ ಅರ್ಥ ಇನ್ನೊಂದು ಕಡೆ. ಇವೆರಡನ್ನೂ ಬೇರೆ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲೇ ನಿಮ್ಮ ಸಾಕ್ಷಿ ಇರುತ್ತದೆ.

ಬಹಳ ಶಾಲೆಗಳಲ್ಲಿ ಓದಿಸುವ ಒಂದು ಕಥೆಯನ್ನೇ ಹಿಡಿದು ನೋಡೋಣ. ಎಡ್ಗರ್ ಆಲನ್ ಪೋ 1843ರಲ್ಲಿ ಪ್ರಕಟಿಸಿದ 'ದಿ ಟೆಲ್-ಟೇಲ್ ಹಾರ್ಟ್'. ಹೆಸರಿಲ್ಲದ ಒಬ್ಬ ವ್ಯಕ್ತಿ ತನ್ನ ಜೊತೆಗಿದ್ದ ಮುದುಕನನ್ನು ಕೊಲ್ಲುತ್ತಾನೆ. ಹೆಣವನ್ನು ನೆಲದ ಹಲಗೆಗಳ ಕೆಳಗೆ ಬಚ್ಚಿಡುತ್ತಾನೆ. ಪೊಲೀಸರು ಬಂದಾಗ ಹಲಗೆಯ ಕೆಳಗಿನಿಂದ ಹೃದಯ ಬಡಿಯುವ ಸದ್ದು ಕೇಳುತ್ತಿದೆ ಎಂದು ತಾನೇ ಒಪ್ಪಿಕೊಂಡುಬಿಡುತ್ತಾನೆ. ಇದನ್ನೆಲ್ಲ ಅವನು ನಂತರ ಯಾರಿಗೋ ಹೇಳುತ್ತಿದ್ದಾನೆ. ಯಾಕೆ ಹೇಳುತ್ತಿದ್ದಾನೆ ಅನ್ನುವುದನ್ನು ಮೊದಲು ಗಮನಿಸಿ. ಕೊಲೆ ಮುಚ್ಚಿಡೋಕಲ್ಲ, ಅದನ್ನು ಅವನು ಬಾಯಿಬಿಟ್ಟೇ ಹೇಳುತ್ತಾನೆ. ತನಗೆ ಹುಚ್ಚಿಲ್ಲ ಎಂದು ತೋರಿಸೋಕೆ ಅವನು ಈ ಕಥೆ ಹೇಳುತ್ತಿದ್ದಾನೆ.

ಹೆಚ್ಚಿನವರು ಎಡವುವುದು ಇಲ್ಲೇ. 'ನಿರೂಪಕ ಸುಳ್ಳುಗಾರ, ಆದ್ದರಿಂದ ನಂಬಲಾಗದು' ಎಂದು ಬರೆದು ಮುಗಿಸುತ್ತಾರೆ. ಅವನು ಸುಳ್ಳು ಹೇಳುತ್ತಾನೆ ನಿಜ, ಆದರೆ ಪೊಲೀಸರಿಗೆ. ಪಕ್ಕದ ಮನೆಯವರಿಗೆ ಕೇಳಿಸಿದ ಕಿರುಚಾಟ ತಾನು ಕನಸಿನಲ್ಲಿ ಕೂಗಿದ್ದು, ಮುದುಕ ಊರಲ್ಲಿಲ್ಲ ಎನ್ನುತ್ತಾನೆ. ಅದು ಸುಳ್ಳು ಅಂತ ನಮಗೆ ಗೊತ್ತಾಗುವುದು ಹೇಗೆ? ಅವನೇ ನಮಗೆ ನಿಜ ಹೇಳಿರುವುದರಿಂದ. ಅಂದರೆ ಘಟನೆಗಳ ಮಟ್ಟಿಗೆ ಅವನು ನಮ್ಮಿಂದ ಜಾಸ್ತಿ ಏನನ್ನೂ ಮುಚ್ಚಿಡುವುದಿಲ್ಲ. ಅವನನ್ನು ನಂಬಲಾಗದೇ ಇರುವುದು ಆ ಘಟನೆಗಳಿಗೆ ಅವನು ಕೊಡುವ ಅರ್ಥದಲ್ಲಿ. ನಿಮ್ಮ ಅಸೈನ್‌ಮೆಂಟಿನ ಮುಖ್ಯ ವಾದ ಇಷ್ಟು ನಿಖರವಾಗಿರಬೇಕು: ಯಾವುದರಲ್ಲಿ ನಂಬಬಹುದು, ಯಾವುದರಲ್ಲಿ ನಂಬಲಾಗದು.

ಈಗ ಸಾಕ್ಷಿಗೆ ಬರೋಣ. ಕೊಲೆಗೆ ಮುಂಚೆ ನಿರೂಪಕ ಏಳು ರಾತ್ರಿ ಮುದುಕನ ಕೋಣೆಗೆ ಇಣುಕಿ ನೋಡಿರುತ್ತಾನೆ. ಎಂಟನೇ ರಾತ್ರಿ ಕತ್ತಲಲ್ಲಿ ಮುದುಕ ಎದ್ದು ಕೂರುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಒಂದು ನರಳಿಕೆ ಕೇಳಿಸುತ್ತದೆ. ಇಷ್ಟು ಘಟನೆ. ಆಮೇಲೆ ನಿರೂಪಕ ಆ ನರಳಿಕೆಯ ಅರ್ಥ ಹೇಳತೊಡಗುತ್ತಾನೆ. ಅದು ನೋವಿನದ್ದಲ್ಲ, ಸಾವಿನ ಭಯದ್ದು. ಮುದುಕನ ಮನಸ್ಸಿನಲ್ಲಿ ಏನೇನು ಓಡುತ್ತಿದೆ ಎಂದೂ ವಿವರಿಸುತ್ತಾನೆ. ಬೇರೆಯವರ ಮನಸ್ಸಿನೊಳಗಿನದು 'ನಾನು' ಎಂದು ಕಥೆ ಹೇಳುವವನಿಗೆ ಹೇಗೆ ಗೊತ್ತಾಯಿತು? ಈ ಪ್ರಶ್ನೆಯನ್ನು ಯಾವ ಕಥೆಯಲ್ಲಾದರೂ ಕೇಳಿ, ಏನಾದರೂ ಸಿಕ್ಕೇ ಸಿಗುತ್ತದೆ. ಇಲ್ಲಿ ಉತ್ತರವನ್ನು ಅವನೇ ಕೊಡುತ್ತಾನೆ: ಎಷ್ಟೋ ನಡುರಾತ್ರಿ ಅದೇ ನರಳಿಕೆ ತನ್ನ ಎದೆಯಿಂದಲೇ ಹೊರಟಿದೆಯಂತೆ. ಹಾಗಾದರೆ ಅವನು ಮುದುಕನ ಭಯ ಎಂದು ವಿವರಿಸಿದ್ದು ತನ್ನದೇ ಭಯವನ್ನು. ಇದು ತಾನು ಬಿಟ್ಟುಕೊಡುತ್ತಿದ್ದೇನೆ ಎಂದು ಅವನಿಗೇ ತಿಳಿಯದೆ ಬಿದ್ದ ಮಾತು. ಇಂಥ ಮಾತಿಗೆ ತೂಕ ಜಾಸ್ತಿ, ಏಕೆಂದರೆ ಅದು ಅವನ ವಾದಕ್ಕೇ ವಿರುದ್ಧ ಹೋಗುತ್ತದೆ.

ಈ ನರಳಿಕೆಯನ್ನು ಕೊನೆಯ ದೃಶ್ಯದ ಜೊತೆ ಸೇರಿಸಿ ಓದಿ. ಮುದುಕ ಬದುಕಿರುವಾಗ ಕೇಳಿದ ಎದೆಬಡಿತವನ್ನು ಅವನು ಹತ್ತಿಯಲ್ಲಿ ಸುತ್ತಿಟ್ಟ ಗಡಿಯಾರದ ಸದ್ದಿಗೆ ಹೋಲಿಸುತ್ತಾನೆ. ಮುದುಕ ಸತ್ತ ಮೇಲೆ, ಪೊಲೀಸರ ಎದುರು ಕುಳಿತಾಗ ಕೇಳುವ ಸದ್ದಿಗೂ ಹೆಚ್ಚುಕಡಿಮೆ ಅದೇ ಪದಗಳು, ಅದೇ ಹತ್ತಿ, ಅದೇ ಗಡಿಯಾರ. ಸತ್ತವನ ಹೃದಯ ಬಡಿಯುವುದಿಲ್ಲ. ಹಾಗಾದರೆ ಮೊದಲ ಸಲ ಕೇಳಿದ್ದು ಯಾರ ಹೃದಯ? ಕೊನೆಯ ದೃಶ್ಯ ನಮ್ಮನ್ನು ಹಿಂದಕ್ಕೆ ಕಳಿಸಿ ಮೊದಲಿನದನ್ನೂ ಅನುಮಾನಿಸುವಂತೆ ಮಾಡುತ್ತದೆ. ಎರಡೂ ಜಾಗದ ಸಾಲುಗಳನ್ನು ಉದ್ಧರಿಸಿ ಒಟ್ಟಿಗೆ ಚರ್ಚಿಸುವುದು ಹತ್ತು ಕಡೆಯಿಂದ ಚೂರು ಚೂರು ಆಯ್ದು ತುಂಬುವುದಕ್ಕಿಂತ ಎಷ್ಟೋ ಮೇಲು.

ಅದೇ ದೃಶ್ಯದಲ್ಲಿ ಪೊಲೀಸರ ಮುಖವನ್ನೂ ನೋಡಿ. ಅವರು ಹರಟುತ್ತಾ ನಗುತ್ತಿದ್ದಾರೆ. ಇದು ಅವನು ಕಂಡದ್ದು. ಅವರಿಗೂ ಸದ್ದು ಕೇಳುತ್ತಿದೆ, ಬೇಕೆಂದೇ ತನ್ನ ಗೋಳು ನೋಡಿ ಗೇಲಿ ಮಾಡುತ್ತಿದ್ದಾರೆ. ಇದು ಅವನ ತೀರ್ಮಾನ. ಕಂಡದ್ದಕ್ಕೆ ಸುಲಭದ ಅರ್ಥವೇ ಬೇರೆ ಇದೆ, ಅಲ್ವಾ? ಅವರಿಗೆ ಏನೂ ಕೇಳುತ್ತಿಲ್ಲ.

ಬರೆಯುವಾಗ ಪ್ಯಾರಾ ಹೀಗೆ ಬರಬಹುದು:

'ಪೊಲೀಸರು ನಗುತ್ತಿದ್ದುದನ್ನು ನಿರೂಪಕ ಗೇಲಿ ಎಂದು ಓದುತ್ತಾನೆ. ಆದರೆ ಅವರಿಗೆ ಸದ್ದು ಕೇಳಿಸಿತು ಎನ್ನಲು ಅವರ ಒಂದು ಮಾತನ್ನೂ, ಒಂದು ಚಲನೆಯನ್ನೂ ಅವನು ತೋರಿಸುವುದಿಲ್ಲ. ಸದ್ದು ಮೊದಲು ತನ್ನ ಕಿವಿಯಲ್ಲಿ ಮೊರೆದಂತಿತ್ತು ಎಂದು ಅವನೇ ಹೇಳಿದ್ದಾನೆ. ಆದ್ದರಿಂದ ಅವನ ವರದಿಯನ್ನು ಒಪ್ಪಿಕೊಂಡೇ ಅವನ ತೀರ್ಮಾನವನ್ನು ನಾವು ತಿರಸ್ಕರಿಸಬಹುದು.'

ಇಲ್ಲಿ 'ಅವನು ಹುಚ್ಚ' ಎಂಬ ಮಾತೇ ಇಲ್ಲ ನೋಡಿ. ರೋಗದ ಹೆಸರು ಹುಡುಕುವುದು ಕಥೆಯ ವಿಶ್ಲೇಷಣೆ ಅಲ್ಲ. ಇನ್ನೊಂದು ಸಣ್ಣ ವಿಷಯ, 'ಪೋ ತನಗೆ ಹುಚ್ಚಿಲ್ಲ ಎನ್ನುತ್ತಾನೆ' ಎಂದು ಬರೆಯಬೇಡಿ. ಹಾಗೆ ಹೇಳುವವನು ನಿರೂಪಕ. ಅವನಿಗೆ ಆ ಮಾತು ಹೇಳಿಸಿ, ಪಕ್ಕದಲ್ಲೇ ಅದನ್ನು ಅಲ್ಲಾಡಿಸುವ ವಿವರ ಇಟ್ಟವನು ಲೇಖಕ. ಈ ಅಂತರವನ್ನೇ ಇಟ್ಟುಕೊಂಡು ವೇಯ್ನ್ ಬೂತ್ ಎಂಬ ವಿಮರ್ಶಕ 1961ರಲ್ಲಿ 'ಅನ್‌ರಿಲಯಬಲ್ ನ್ಯಾರೇಟರ್' ಎಂಬ ಹೆಸರು ಕೊಟ್ಟದ್ದು. ಲೇಖಕ ನಿರೂಪಕನ ಬೆನ್ನ ಹಿಂದೆ ನಮಗೆ ಏನೋ ತಿಳಿಸುತ್ತಿರುತ್ತಾನೆ.

ಅನುಮಾನ ಅತಿಯಾಗುವುದೂ ಉಂಟು. 'ಕೊಲೆಯೇ ನಡೆದಿಲ್ಲ, ಮುದುಕನೇ ಇರಲಿಲ್ಲ' ಎಂದು ಕೆಲವರು ಉತ್ಸಾಹದಿಂದ ಬರೆಯುತ್ತಾರೆ. ಎಲ್ಲವನ್ನೂ ಅನುಮಾನಿಸಿದರೆ ಯಾವ ಸಾಲನ್ನೂ ಸಾಕ್ಷಿಯಾಗಿ ಬಳಸಲು ಆಗುವುದಿಲ್ಲ. ನಾನು ಇಟ್ಟುಕೊಳ್ಳುವ ಮಿತಿ ಇಷ್ಟೇ: ಅನುಮಾನಕ್ಕೆ ಕಥೆಯಲ್ಲೇ ಒಂದು ಕಾರಣ ಇರಬೇಕು. ಎದೆಬಡಿತಕ್ಕೆ ಅದು ಇದೆ. ಕೊಲೆಯ ವಿಷಯದಲ್ಲಿ ಇಲ್ಲ. ಕಿರುಚಾಟ ಪಕ್ಕದ ಮನೆಗೂ ಕೇಳಿಸಿದೆ, ಅದನ್ನು ತಿಳಿದೇ ಪೊಲೀಸರು ಬಂದಿದ್ದಾರೆ.

ಆ ಸದ್ದು ಕೊನೆಗೆ ಏನು ಎಂದು ನೀವು ತೀರ್ಪು ಕೊಡಬೇಕಾಗಿಲ್ಲ. ಅವನದೇ ಎದೆಬಡಿತ ಇರಬಹುದು, ಬರೀ ಭ್ರಮೆ ಇರಬಹುದು. ಗೋಡೆಯೊಳಗಿನ ಹುಳಗಳ ಟಿಕ್ ಟಿಕ್ ಸದ್ದನ್ನು ರಾತ್ರಿಗಳಲ್ಲಿ ಕೇಳುತ್ತಾ ಕೂರುತ್ತಿದ್ದೆ ಎಂದು ಅವನೇ ಹೇಳಿರುವುದರಿಂದ ಅದೂ ಇರಬಹುದು. ಎರಡು ಓದುಗಳನ್ನು ಎದುರುಬದುರು ಇಡಿ, ಯಾವುದಕ್ಕೆ ಕಥೆಯಲ್ಲಿ ಹೆಚ್ಚು ಆಧಾರ ಇದೆ ಎಂದು ಹೇಳಿ, ಉಳಿದದ್ದನ್ನು ತೆರೆದೇ ಬಿಡಿ. ನನಗಂತೂ ಅವನದೇ ಎದೆಬಡಿತ ಎನ್ನುವುದೇ ಸರಿ ಅನ್ನಿಸುತ್ತದೆ. ಕಾರಣ, ತನ್ನ ನರಳಿಕೆಯನ್ನು ಮುದುಕನಿಗೆ ಅಂಟಿಸಿದವನು ತನ್ನ ಎದೆಬಡಿತವನ್ನೂ ಅವನಿಗೇ ಅಂಟಿಸುವುದರಲ್ಲಿ ಒಂದು ಹೊಂದಿಕೆ ಇದೆ.